ಮೀಸೆಗೆ ಯಾವ ಡೈ? ತಲೆಗೆ ಹಚ್ಚುವುದು ಮುಖಕ್ಕೆ ಏಕೆ ಒಗ್ಗುವುದಿಲ್ಲ

ಕೋಲಾರದ ಕ್ಲಾಕ್ ಟವರ್‌ನಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಜ್ವರದ ಮಾತ್ರೆ ಬೇಕಾದವರು ರಸ್ತೆಯಿಂದಲೇ ಕೂಗಿ ಕೇಳುತ್ತಾರೆ. ಮೀಸೆಗೆ ಡೈ ಬೇಕಾದವರು ಪಕ್ಕದ ಗಿರಾಕಿ ಹೋಗುವವರೆಗೂ ಕೆಮ್ಮಿನ ಸಿರಪ್‌ನ ಬೆಲೆ ಓದುತ್ತಾ ನಿಂತಿರುತ್ತಾರೆ. ಆಮೇಲೆ ಮೆಲ್ಲಗೆ, 'ಯಾವುದಾದರೂ ಒಂದು ಕೊಡಿ' ಎನ್ನುತ್ತಾರೆ. ತೊಂದರೆ ಶುರುವಾಗುವುದು ಈ 'ಯಾವುದಾದರೂ ಒಂದು' ಎಂಬಲ್ಲಿ.

ಹಾಗೆ ಕೇಳಿದವರಲ್ಲಿ ಟೊಮೆಟೊ ಮಂಡಿಯ ಯಜಮಾನರೊಬ್ಬರಿದ್ದರು. ವಯಸ್ಸು ಐವತ್ತನಾಲ್ಕು, ದಪ್ಪ ಮೀಸೆ, ಅದರ ನಡುಭಾಗ ಪೂರ್ತಿ ಬಿಳಿ. ಭಾನುವಾರ ಮಗನ ನಿಶ್ಚಿತಾರ್ಥ. ತಲೆಗೆ ಎಂಟು ವರ್ಷದಿಂದ ಹಾಕುತ್ತಿದ್ದ ಪುಡಿ ಡೈಯ ಪೊಟ್ಟಣವನ್ನೇ ಗುರುವಾರ ಸಂಜೆ ಒಯ್ದರು. 'ತಲೆಗೆ ಆಗುವುದು ಮೀಸೆಗೆ ಏಕೆ ಆಗುವುದಿಲ್ಲ?' ಎಂದು ಕೇಳಿದರು. ಆಗ ನಾನೂ ಸರಿಯಾಗಿ ಉತ್ತರಿಸಲಿಲ್ಲ, ಗಿರಾಕಿಗಳ ಗಡಿಬಿಡಿಯಲ್ಲಿದ್ದೆ.

ಆ ರಾತ್ರಿ ಅವರು ಕೆನ್ನೆ, ಗಲ್ಲ ನುಣ್ಣಗೆ ಬೋಳಿಸಿಕೊಂಡು, ಅದೇ ಕೈಯಲ್ಲಿ ಮೀಸೆಗೆ ಡೈ ಮೆತ್ತಿದರು. ಹತ್ತು ನಿಮಿಷವಾದರೂ ಗಡುಸು ಬಿಳಿ ಕೂದಲಿಗೆ ಬಣ್ಣ ಹಿಡಿಯಲಿಲ್ಲವೆಂದು, ಪೊಟ್ಟಣದ ಮೇಲೆ ತಲೆಗೆಂದು ಬರೆದಿದ್ದ ಅರ್ಧ ಗಂಟೆಯನ್ನೂ ದಾಟಿಸಿ ತೊಳೆದರು. ಹಚ್ಚಿದ ಸ್ವಲ್ಪ ಹೊತ್ತಿಗೆ ಚುರುಚುರು ಎಂದಿತಂತೆ. ಶುಕ್ರವಾರ ಬೆಳಿಗ್ಗೆ ಏನೂ ಇಲ್ಲ. ಸಂಜೆಗೆ ತುರಿಕೆ. ಶನಿವಾರ ಬೆಳಿಗ್ಗೆ ಮೇಲ್ದುಟಿ ಊದಿ, ಮೀಸೆಯ ಬುಡದಲ್ಲಿ ಸಣ್ಣ ನೀರುಗುಳ್ಳೆಗಳು ಎದ್ದು ಒಸರತೊಡಗಿದವು. ಕಣ್ಣಿನ ರೆಪ್ಪೆಗಳೂ ಭಾರವಾದವು. ನಿಶ್ಚಿತಾರ್ಥದ ಫೋಟೊಗಳಲ್ಲೆಲ್ಲ ಅವರು ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತಿರುವಂತೆ ಇದ್ದಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆಗೆ ಇದು ತದ್ವಿರುದ್ಧ: ಜಟ್ಟಿಗೆ ಏನೂ ಆಗಿರಲಿಲ್ಲ, ಕೆಟ್ಟದ್ದು ಮೀಸೆ ಮಾತ್ರ.

ಅಂದು ಅವರಿಗೆ ಹೇಳದೆ ಬಿಟ್ಟ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಒಂದೇ ಡೈ, ಎರಡು ಚರ್ಮ

ತೊಳೆದರೂ ಹೋಗದ ಕಪ್ಪು ಡೈಗಳಲ್ಲಿ ಹೆಚ್ಚಿನವು ಒಂದೇ ರೀತಿ ಕೆಲಸ ಮಾಡುತ್ತವೆ. ಪ್ಯಾರಾ-ಫಿನಿಲೀನ್‌ಡೈಅಮೈನ್, ಚಿಕ್ಕದಾಗಿ ಪಿಪಿಡಿ, ಎನ್ನುವ ಬಣ್ಣವಿಲ್ಲದ ಬಹಳ ಸಣ್ಣ ಅಣು ಕೂದಲಿನೊಳಗೆ ನುಸುಳುತ್ತದೆ. ಅಲ್ಲಿ ಪೆರಾಕ್ಸೈಡ್‌ನ ಆಮ್ಲಜನಕ ತಾಗಿ ಅಣುಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಕಪ್ಪು ಅಣುಗಳಾಗುತ್ತವೆ. ಹೊರಬರಲು ಜಾಗ ಸಾಲದೆ ಅಲ್ಲೇ ಉಳಿಯುತ್ತವೆ. ಬಣ್ಣ ಗಟ್ಟಿಯಾಗಿ ನಿಲ್ಲುವ ಗುಟ್ಟು ಇದೇ. ಆದರೆ ಕೂದಲಿನೊಳಗೆ ನುಸುಳುವಷ್ಟು ಸಣ್ಣದು ಚರ್ಮದೊಳಗೂ ನುಸುಳುತ್ತದೆ. ಒಳಗೆ ಹೋದದ್ದನ್ನು ಕೆಲವರ ದೇಹ ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತಿಟ್ಟುಕೊಂಡಿತೆಂದರೆ ಮುಂದೆ ಪ್ರತಿ ಸಲವೂ ಒಂದೆರಡು ದಿನ ತಡವಾಗಿ ತುರಿಕೆ, ಊತ, ಗುಳ್ಳೆ. ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುವ ಅಲರ್ಜಿ.

ಎಷ್ಟು ನುಸುಳುತ್ತದೆ ಎನ್ನುವುದು ಚರ್ಮದ ಜಾಗದ ಮೇಲೆ ನಿಂತಿದೆ. 1967ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹೈಡ್ರೊಕಾರ್ಟಿಸೋನ್ ಎಂಬ ಔಷಧವನ್ನು ದೇಹದ ಬೇರೆ ಬೇರೆ ಜಾಗಗಳಿಗೆ ಹಚ್ಚಿ ಅಳೆದಿದ್ದರು. ಮುಂಗೈಯ ಒಳಭಾಗ ಹೀರಿದ್ದನ್ನು 1 ಎಂದಿಟ್ಟುಕೊಂಡರೆ ನೆತ್ತಿ 3.5, ಹಣೆ 6, ದವಡೆಯ ಮೂಲೆ 13. ಅದು ಡೈ ಅಲ್ಲ, ಆದ್ದರಿಂದ ಈ ಅಂಕಿಗಳನ್ನು ಡೈಗೆ ಹಾಗೆಯೇ ಹಚ್ಚಬಾರದು. ಆದರೂ ತಲೆಯ ಚರ್ಮವೂ ಗಡ್ಡದ ಚರ್ಮವೂ ಒಂದೇ ಅಲ್ಲವೆನ್ನುವುದಕ್ಕೆ ಅಷ್ಟು ಸಾಕು. ಅದರ ಮೇಲೆ ರೇಜರ್. ಬೋಳಿಸುವಾಗ ಕೂದಲಿನ ಜೊತೆ ಚರ್ಮದ ಮೇಲ್ಪದರದ ಒಂದಿಷ್ಟು ಭಾಗವೂ ಹೋಗುತ್ತದೆ, ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಯಜಮಾನರು ಮಾಡಿದ್ದು ಇದನ್ನೇ: ಬಾಗಿಲು ತೆಗೆದಿಟ್ಟು ಡೈಯನ್ನು ಒಳಗೆ ಕರೆದರು.

ಇನ್ನೊಂದು ವ್ಯತ್ಯಾಸ ಲೆಕ್ಕದ್ದು. ಗಡ್ಡದ ಕೂದಲು ದಿನಕ್ಕೆ ಸುಮಾರು 0.4 ಮಿಲಿಮೀಟರ್ ಬೆಳೆಯುತ್ತದೆ. ಉದ್ದ ಕೂದಲಿರುವ ತಲೆಯಲ್ಲಿ ಹೊಸದಾಗಿ ಬೆಳೆದ ಬಿಳಿ ಬುಡ ತಿಂಗಳವರೆಗೆ ಮರೆಯಾಗಿರುತ್ತದೆ. ಗಿಡ್ಡ ಮೀಸೆಯಲ್ಲಿ ವಾರ ಕಳೆಯುವಷ್ಟರಲ್ಲಿ ಬುಡದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ತಿಂಗಳಿಗೊಮ್ಮೆ ತಲೆಗೆ ಹಾಕುವವರಿಗೆ ವರ್ಷಕ್ಕೆ ಹನ್ನೆರಡು ಸಲ ಪಿಪಿಡಿ ತಾಗಿದರೆ, ಹತ್ತು ದಿನಕ್ಕೊಮ್ಮೆ ಮೀಸೆಗೆ ಹಾಕುವವರಿಗೆ ಮೂವತ್ತಾರು ಸಲ. ಅಲರ್ಜಿ ಹುಟ್ಟಿಕೊಳ್ಳಲು ಮತ್ತೆ ಮತ್ತೆ ತಾಗುವುದೇ ದಾರಿ.

ಹಾಗಾದರೆ ಎಂಟು ವರ್ಷ ತಲೆಗೆ ಏನೂ ಆಗಲಿಲ್ಲವೇ? ಆಮೇಲೆ ಕೇಳಿದಾಗ ಗೊತ್ತಾಯಿತು: ಎರಡು ವರ್ಷದಿಂದ ಪ್ರತಿ ಸಲ ಡೈ ಹಾಕಿದ ಮರುದಿನ ಕಿವಿಯ ಹಿಂದೆ ತುರಿಸುತ್ತಿತ್ತು. ಮಂಡಿಯ ಧೂಳು ಎಂದುಕೊಂಡಿದ್ದರು. ತಲೆಯ ಡೈಯ ಅಲರ್ಜಿ ನೆತ್ತಿಯ ಮೇಲೆ ತೋರುವುದಕ್ಕಿಂತ ಹೆಚ್ಚಾಗಿ ಕಿವಿ, ರೆಪ್ಪೆ, ಕತ್ತಿನ ಹಿಂಭಾಗ, ಕೂದಲಂಚಿನಲ್ಲಿ ತೋರುತ್ತದೆ. ನಿಮಗೂ ಹಾಗೆ ಆಗುತ್ತಿದ್ದರೆ ಅದನ್ನು ಮುಖಕ್ಕೆ ತರುವ ಮಾತೇ ಬೇಡ.

ತಲೆಯ ಪುಡಿ ಮತ್ತು ಕ್ರೀಮ್

ಅಗ್ಗ, ಎಲ್ಲೆಡೆ ಸಿಗುತ್ತದೆ, ಕಪ್ಪು ಚೆನ್ನಾಗಿ ಹಿಡಿಯುತ್ತದೆ. ಇದರ ಪರವಾಗಿ ಹೇಳುವುದು ಇಷ್ಟೇ. ನೀರಿಗೆ ಕಲಸುವ ಪುಡಿಯಲ್ಲಿ ಪಿಪಿಡಿಯೂ ಆಮ್ಲಜನಕ ಬಿಡುವ ಲವಣವೂ ಒಟ್ಟಿಗೇ ಒಣಗಿಕೊಂಡು ಕೂತಿರುತ್ತವೆ. ನೀರು ಎಷ್ಟು ಹಾಕಿದಿರಿ ಎನ್ನುವುದರ ಮೇಲೆ ಅದರ ಖಾರ ನಿಲ್ಲುತ್ತದೆ. ಮೀಸೆಗೆಂದು ಚಿಟಿಕೆ ಪುಡಿಗೆ ನಾಲ್ಕು ಹನಿ ನೀರು ಹಾಕಿ ಕಲಸುವವರು ತಮಗೆ ಗೊತ್ತಿಲ್ಲದೆ ತಲೆಗಿಂತ ಗಟ್ಟಿಯಾದದ್ದನ್ನು ತುಟಿಯ ಮೇಲೆ ಇಡುತ್ತಾರೆ. ಹೊತ್ತಿನ ಅಂದಾಜೂ ತಲೆಯದ್ದೇ. ನನ್ನ ಮಟ್ಟಿಗೆ ಇದು ಮುಖಕ್ಕೆ ಬೇಡದ ವಸ್ತು.

'ಅಮೋನಿಯಾ ಇಲ್ಲ' ಎಂದು ದೊಡ್ಡದಾಗಿ ಬರೆದ ಕ್ರೀಮ್ ಕೊಡಿ ಎನ್ನುವವರು ಬಹಳ. ಅಮೋನಿಯಾದ ಕೆಲಸ ಕೂದಲಿನ ಹೊರಪದರವನ್ನು ಉಬ್ಬಿಸುವುದು. ಅದರ ಬದಲಿಗೆ ವಾಸನೆ ಕಡಿಮೆ ಇರುವ ಬೇರೆ ಕ್ಷಾರ ಹಾಕಿರುತ್ತಾರೆ. ಮೂಗಿನ ಹೊಳ್ಳೆಯ ಕೆಳಗೇ ಹಚ್ಚುವ ಮೀಸೆಗೆ ಅದರಿಂದ ಘಾಟು ಕಡಿಮೆಯಾಗುವುದು ನಿಜ. ಪಿಪಿಡಿ ಮಾತ್ರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪೆಟ್ಟಿಗೆಯ ಬದಿಯ ಸಣ್ಣಕ್ಷರದಲ್ಲಿ 'ಡೈಅಮೈನ್' ಎಂದು ಮುಗಿಯುವ ಹೆಸರನ್ನು ಹುಡುಕಿ. ಪಿಪಿಡಿ ಇಲ್ಲ ಎನ್ನುವವುಗಳಲ್ಲಿ ಅದರ ದಾಯಾದಿ ಟೊಲ್ವೀನ್ ಡೈಅಮೈನ್ ಇರುವುದುಂಟು. ಪಿಪಿಡಿ ಆಗದ ಅನೇಕರಿಗೆ ಅದೂ ಆಗುವುದಿಲ್ಲ.

ಇಂಥ ಡೈಗಳ ಮೇಲೆ ನಮ್ಮ ದೇಶದ ನಿಯಮದ ಪ್ರಕಾರ ಒಂದು ಎಚ್ಚರಿಕೆ ಇರಲೇಬೇಕು: ಚರ್ಮಕ್ಕೆ ತೊಂದರೆಯಾಗಬಹುದು, ಮೊದಲು ಪರೀಕ್ಷಿಸಿ; ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ, ಕುರುಡುತನ ಬರಬಹುದು. ಮೀಸೆಗೆ ಹಚ್ಚಿ ಮಿಕ್ಕ ಚೂರನ್ನು ಹುಬ್ಬಿಗೆ ಸವರುವವರನ್ನು ನಾನೇ ಕಂಡಿದ್ದೇನೆ.

ಗಡ್ಡಕ್ಕೆಂದೇ ಇರುವ ಕ್ರೀಮ್

ಇದೂ ಹೆಚ್ಚಾಗಿ ಪಿಪಿಡಿ ಬಳಗದ್ದೇ. ಗಡ್ಡದ ಚಿತ್ರವಿದೆ ಎಂದ ಮಾತ್ರಕ್ಕೆ ಅಲರ್ಜಿ ಬರುವುದಿಲ್ಲವೆಂದು ತಿಳಿಯಬಾರದು. ವ್ಯತ್ಯಾಸ ಇರುವುದು ಹೊತ್ತಿನಲ್ಲಿ ಮತ್ತು ಹದದಲ್ಲಿ. ತಲೆಯದ್ದು ಅರ್ಧ ಗಂಟೆ ಕೇಳಿದರೆ ಇದು ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ ಕೇಳುತ್ತದೆ. ಜೆಲ್‌ನಂತೆ ಗಟ್ಟಿಯಾಗಿರುವುದರಿಂದ ತುಟಿಗೆ ಇಳಿಯುವುದಿಲ್ಲ. ಸಣ್ಣ ಬ್ರಷ್‌ನಿಂದ ಕೂದಲಿಗಷ್ಟೇ ಸವರಬಹುದು. ಪಿಪಿಡಿ ಒಗ್ಗುವವರಿಗೆ, ಎರಡು ಮೂರು ವಾರಕ್ಕೊಮ್ಮೆ ಸಾಕೆನ್ನುವವರಿಗೆ, ಇದು ಸರಿಯಾದ ಆಯ್ಕೆ.

ಕಪ್ಪನ್ನು ಬಿಟ್ಟು ಕಡು ಕಂದು ಬಣ್ಣದ್ದನ್ನು ಕೊಳ್ಳಿ. ಬಣ್ಣ ಗಾಢವಾದಷ್ಟೂ ಪಿಪಿಡಿ ಹೆಚ್ಚಿರುತ್ತದೆ ಎನ್ನುವುದು ಒಂದು ಕಾರಣ. ಮುಖದ ಕೂದಲು ತಲೆಯದ್ದಕ್ಕಿಂತ ತುಸು ತಿಳಿ ಬಣ್ಣದ್ದಾಗಿರುವುದುಂಟು; ಅಚ್ಚ ಕಪ್ಪು ಮೀಸೆ ಐವತ್ತರ ಮುಖದ ಮೇಲೆ ನಾಟಕದ ಕಂಪನಿಯಿಂದ ಎರವಲು ತಂದಂತೆ ಕಾಣುತ್ತದೆ ಎನ್ನುವುದು ಇನ್ನೊಂದು ಕಾರಣ. ಎರಡನೆಯದು ನನ್ನ ಅಭಿಪ್ರಾಯ, ನಿಮ್ಮ ಮನೆಯವರನ್ನು ಕೇಳಿ ನೋಡಿ.

ಹಚ್ಚುವ ಮುನ್ನ ಒಂದು ದಿನ ರೇಜರ್ ಮುಟ್ಟಬೇಡಿ. ಮೊಡವೆ, ಒಡೆದ ತುಟಿ, ಗಾಯ ಇದ್ದರೆ ಆ ವಾರ ಬಿಡಿ. ಸಾಧಾರಣ ಸೋಪಿನಿಂದ ಮುಖ ತೊಳೆದು ಪೂರ್ತಿ ಒಣಗಿಸಿ, ಮೇಲ್ದುಟಿಯ ಅಂಚು, ಹೊಳ್ಳೆಯ ಕೆಳಗು ಮತ್ತು ಗಡ್ಡದ ಹೊರಗೆರೆಗೆ ವ್ಯಾಸಲಿನ್ ಹಚ್ಚಿ; ಕೂದಲಿಗೆ ತಾಗಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಕೈಗವಸು ಹಾಕಿ, ಪ್ಲಾಸ್ಟಿಕ್ ಮುಚ್ಚಳದಲ್ಲಿ ಎರಡೂ ಟ್ಯೂಬುಗಳಿಂದ ಪೆಟ್ಟಿಗೆ ಹೇಳಿದ ಪ್ರಮಾಣದಲ್ಲಿ ಹಿಂಡಿ. ಸಾಮಾನ್ಯವಾಗಿ ಸಮಸಮ, ಮೀಸೆಯೊಂದಕ್ಕೇ ಆದರೆ ತಲಾ ಒಂದು ಕಡಲೆಕಾಳಿನಷ್ಟು ಸಾಕು. ಲೋಹದ ಬಟ್ಟಲು ಬೇಡ. ಗಲ್ಲದ ಗಡುಸು ಕೂದಲಿನಿಂದ ಆರಂಭಿಸಿ, ಮೀಸೆಯನ್ನು ಕೊನೆಗೆ ಮುಟ್ಟಿ, ಏಕೆಂದರೆ ಅಲ್ಲಿ ಚರ್ಮ ನಾಜೂಕು. ಬ್ರಷ್ಷನ್ನು ಚರ್ಮಕ್ಕೆ ಒತ್ತಿ ಉಜ್ಜಬೇಡಿ. ಐದು ನಿಮಿಷಕ್ಕೆ ಒದ್ದೆ ಹತ್ತಿಯಿಂದ ಒಂದು ಚೂರು ಒರೆಸಿ ನೋಡಿ. ಸಾಕಾಗಿದ್ದರೆ ತೊಳೆಯಿರಿ, ಸಾಲದಿದ್ದರೂ ಪೆಟ್ಟಿಗೆ ಹೇಳಿದ ಹೊತ್ತು ದಾಟಬೇಡಿ. ಬಿಳಿ ಉಳಿದರೆ ಮುಂದಿನ ಸಲಕ್ಕೆ ಇರಲಿ, ಅದೇ ದಿನ ಎರಡನೆಯ ಸುತ್ತು ಬೇಡ. ನೀರು ತಿಳಿಯಾಗುವವರೆಗೆ ತೊಳೆಯಬೇಕು.

ಕಲಸಿ ಮಿಕ್ಕದ್ದನ್ನು ಎತ್ತಿಡುವ ಜಿಪುಣತನ ಬೇಡ. ಅದು ಕೆಟ್ಟು ಹೋಗುವುದಲ್ಲದೆ, ಮುಚ್ಚಿಟ್ಟರೆ ಒಳಗೆ ಅನಿಲ ತುಂಬಿ ಸಿಡಿಯಬಹುದು.

ಕ್ಷೌರದಂಗಡಿಯಲ್ಲಿ ಹಚ್ಚಿಸಿಕೊಳ್ಳುವವರು ಪೆಟ್ಟಿಗೆಯನ್ನು ತಾವೇ ಒಯ್ಯುವುದು ಮೇಲು. ಬೆಳಿಗ್ಗೆ ಇನ್ನೊಬ್ಬರ ತಲೆಗೆ ಕಲಸಿ ಉಳಿದದ್ದು ನಿಮ್ಮ ಮೀಸೆಗೆ ಬರುವುದು ಅಪರೂಪವೇನಲ್ಲ. ಬೋಳಿಸಿದ ಕೂಡಲೇ 'ಒಂದು ಕೈ ಡೈ ಹಾಕಲೇ ಅಣ್ಣ?' ಎಂದರೆ, ಇವತ್ತು ಬೇಡ ಎನ್ನಿ.

ಗೋರಂಟಿ ಮತ್ತು ನೀಲಿ

ಗೋರಂಟಿ ಎಲೆಯ ಪುಡಿ ಬಿಳಿ ಕೂದಲನ್ನು ಕಿತ್ತಳೆ ಮಾಡುತ್ತದೆ. ಕಪ್ಪು ಮಾಡುವುದಿಲ್ಲ, ಎಂದೂ ಮಾಡುವುದಿಲ್ಲ. ಈ ಒಂದು ಮಾತು ನೆನಪಿದ್ದರೆ ಅಂಗಡಿಯ ಅರ್ಧ ಮೋಸ ತಪ್ಪಿತು. 'ಕಪ್ಪು ಮೆಹೆಂದಿ' ಎಂಬ ಹೆಸರಿನಲ್ಲಿ ಮಾರುವ, ಅರ್ಧ ಗಂಟೆಯಲ್ಲಿ ಕಪ್ಪು ಹಿಡಿಯುವ ಪುಡಿಯಲ್ಲಿ ಬಹಳ ಸಲ ಇರುವುದು ಪಿಪಿಡಿಯೇ. ಎಲೆಯ ಚಿತ್ರ ಪೊಟ್ಟಣದ ಮೇಲೆ ಮಾತ್ರ. ಡೈ ಆಗದವರು 'ಗಿಡಮೂಲಿಕೆ' ಎಂದು ಅದಕ್ಕೆ ಮೊರೆಹೋಗಿ ಮತ್ತೆ ಊದಿಸಿಕೊಂಡು ಬರುತ್ತಾರೆ.

ಗಿಡದಿಂದಲೇ ಕಪ್ಪು ಬೇಕಾದರೆ ಎರಡು ಹಂತ ಬೇಕು. ಹಿಂದಿನ ರಾತ್ರಿ ಎರಡು ಚಮಚ ಗೋರಂಟಿ ಪುಡಿಯನ್ನು ಬೆಚ್ಚನೆಯ ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಡಿ. ಬೆಳಿಗ್ಗೆ ಹಚ್ಚಿ ಒಂದೂವರೆ ಗಂಟೆ ಬಿಟ್ಟು ತೊಳೆದರೆ ಮೀಸೆ ಕಿತ್ತಳೆ. ಗಾಬರಿಯಾಗಬೇಡಿ, ಮನೆಯಿಂದ ಹೊರಗೂ ಹೋಗಬೇಡಿ. ಆಮೇಲೆ ಎರಡು ಚಮಚ ನೀಲಿ, ಅಂದರೆ ಇಂಡಿಗೊ, ಗಿಡದ ಎಲೆಯ ಪುಡಿಗೆ ಚಿಟಿಕೆ ಉಪ್ಪು, ಬೆಚ್ಚನೆಯ ನೀರು ಹಾಕಿ ಕಲಸಿ, ಹತ್ತು ಹದಿನೈದು ನಿಮಿಷ ಬಿಟ್ಟು ತಕ್ಷಣ ಹಚ್ಚಿ. ಇದು ಗೋರಂಟಿಯಂತಲ್ಲ, ಕಾದಿಟ್ಟರೆ ಸತ್ವ ಹೋಗುತ್ತದೆ. ಒಂದು ಗಂಟೆಯ ನಂತರ ಬರೀ ನೀರಿನಲ್ಲಿ ತೊಳೆಯಿರಿ. ಮೊದಲು ಹಸಿರು ಛಾಯೆ ಕಾಣಬಹುದು. ಗಾಳಿ ತಾಗುತ್ತಾ ಮರುದಿನಕ್ಕೆ ಕಡು ಕಂದು ಅಥವಾ ಕಪ್ಪಿಗೆ ತಿರುಗುತ್ತದೆ. ಒಂದು ದಿನ ಸೋಪು ಬೇಡ.

ಒಟ್ಟು ಮೂರು ಗಂಟೆ ಕೆಲಸ, ಒದ್ದೆ ಹುಲ್ಲಿನ ವಾಸನೆ, ಮೂಗಿನ ಕೆಳಗೆ ಉದುರುವ ಚೂರು, ಗಡುಸು ಕೂದಲಿಗೆ ಮೊದಲ ಸಲ ಎರಡು ಸುತ್ತು. ತಾಳ್ಮೆ ಇಲ್ಲದವರಿಗೆ ಇದು ಆಗದ ಮಾತು. ಪಿಪಿಡಿ ಅಲರ್ಜಿ ಇದ್ದೂ ನಿಲ್ಲುವ ಬಣ್ಣವೇ ಬೇಕೆನ್ನುವವರಿಗೆ ನಾನು ತೋರಿಸುವ ದಾರಿ ಮಾತ್ರ ಇದೇ. ಪೊಟ್ಟಣದ ಮೇಲೆ ಪದಾರ್ಥಗಳ ಸಾಲಿನಲ್ಲಿ ಎಲೆಯ ಪುಡಿ ಒಂದೇ ಇರಬೇಕು. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಗೋರಂಟಿಯನ್ನೂ ಬಿಡಬೇಕು, ಅವರಲ್ಲಿ ಅದು ರಕ್ತಕಣ ಒಡೆಸಬಹುದು.

ಒಂದು ದಿನದ ಬಣ್ಣ

ಮಸ್ಕರಾದಂಥ ಪುಟ್ಟ ಕುಂಚದಲ್ಲಿ ಅಥವಾ ಪೆನ್ಸಿಲ್ ರೂಪದಲ್ಲಿ ಸಿಗುತ್ತದೆ. ಕೂದಲಿನ ಹೊರಗೆ ಕೂರುತ್ತದೆ, ಒಳಗೆ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲ, ರಾತ್ರಿ ಸೋಪಿಗೆ ಹೋಗುತ್ತದೆ. ಬೆವರು, ಬಿಸಿ ಕಾಫಿ, ಬಿಳಿ ಪಂಚೆ ಇದರ ಶತ್ರುಗಳು. ದಿನವೂ ಮಂಡಿಯ ಬಿಸಿಲಿನಲ್ಲಿ ನಿಲ್ಲುವವರಿಗೆ ಪ್ರಯೋಜನವಿಲ್ಲ. ಆದರೆ ನಮ್ಮ ಯಜಮಾನರಿಗೆ ಬೇಕಾಗಿದ್ದದ್ದು ಭಾನುವಾರದ ಆರು ಗಂಟೆಯ ಕಪ್ಪು. ಅದಕ್ಕೆ ಅವರು ಆರು ವಾರದ ಕಪ್ಪನ್ನು ಕೊಂಡರು.

ಪರೀಕ್ಷೆ, ಮತ್ತು ಕೆಟ್ಟರೆ ಏನು

ಪೊಟ್ಟಣದ ಸೂಚನೆ ಹೇಳುವುದು: ಮುಂಗೈಯ ಒಳಭಾಗ ಅಥವಾ ಕಿವಿಯ ಹಿಂದೆ ಶುಚಿಮಾಡಿ, ಹಚ್ಚುವಾಗ ಕಲಸುವಂತೆಯೇ ಕಲಸಿದ ಡೈಯನ್ನು ಸ್ವಲ್ಪ ಸವರಿ, ಒಣಗಲು ಬಿಟ್ಟು, ಇಪ್ಪತ್ತನಾಲ್ಕು ಗಂಟೆಯ ನಂತರ ತೊಳೆದು ನೋಡಿ; ಪ್ರತಿ ಸಲವೂ ಹೀಗೆ ಮಾಡಿ. ನಾನು ಎರಡು ಮಾತು ಸೇರಿಸುತ್ತೇನೆ. ಮೇಲೆ ಹೇಳಿದ ಅಂಕಿ ನೋಡಿದಿರಲ್ಲ, ಮುಂಗೈ ತೀರ ಕಡಿಮೆ ಹೀರುವ ಜಾಗ. ಮುಖಕ್ಕೆ ಹಚ್ಚುವುದನ್ನು ಕಿವಿಯ ಹಿಂದೆಯೇ ಪರೀಕ್ಷಿಸಿ. ತೊಳೆದ ಮೇಲೂ ಇನ್ನೆರಡು ದಿನ ಕಾಯಿರಿ, ಈ ಅಲರ್ಜಿ ಬಹಳ ಸಲ ಎರಡನೆಯ, ಮೂರನೆಯ ದಿನವೇ ತಲೆಯೆತ್ತುತ್ತದೆ. ಅಂದರೆ ಭಾನುವಾರದ ಕಾರ್ಯಕ್ಕೆ ಬುಧವಾರವಾದರೂ ಪರೀಕ್ಷೆ ಆರಂಭವಾಗಿರಬೇಕು. ಹಿಂದೊಮ್ಮೆ ಊತವೋ ಗುಳ್ಳೆಯೋ ಬಂದವರು ಮನೆಯಲ್ಲಿ ಪರೀಕ್ಷೆಯನ್ನೂ ಮಾಡಬಾರದು. ನೇರವಾಗಿ ಚರ್ಮದ ವೈದ್ಯರ ಬಳಿ ಹೋಗಬೇಕು.

ಹಚ್ಚುತ್ತಿದ್ದ ಹಾಗೆಯೇ ಉರಿದರೆ ಅದು ಹೆಚ್ಚಾಗಿ ಕ್ಷಾರದ, ಪೆರಾಕ್ಸೈಡ್‌ನ ಕಾಟ. ತೊಳೆದರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಒಂದೆರಡು ದಿನ ಬಿಟ್ಟು ತುರಿಕೆಯಿಂದ ಶುರುವಾಗಿ, ಹಚ್ಚದ ಜಾಗಕ್ಕೂ, ಅದರಲ್ಲೂ ರೆಪ್ಪೆಗೆ, ಹರಡಿದರೆ ಅಲರ್ಜಿ. ಎರಡಕ್ಕೂ ಮೊದಲ ಕೆಲಸ ಒಂದೇ: ಬೆಚ್ಚನೆಯ ನೀರು, ಸೌಮ್ಯ ಶಾಂಪೂವಿನಿಂದ ಚೆನ್ನಾಗಿ ತೊಳೆದು, ತಣ್ಣೀರಿನ ಬಟ್ಟೆ ಇಡುವುದು. ನಿಂಬೆರಸ, ಅರಿಶಿನ, ಟೂತ್‌ಪೇಸ್ಟ್ ಹಚ್ಚಿ ಬಂದವರ ಮುಖ ನೋಡಿಯೇ ನನಗೆ ಉರಿಯುತ್ತದೆ. ಔಷಧಿ ಅಂಗಡಿಯಲ್ಲಿ 'ಒಂದು ಟ್ಯೂಬ್' ಕೇಳಿ ಸ್ಟೀರಾಯ್ಡ್ ಮುಲಾಮನ್ನು ಮುಖಕ್ಕೆ ನೀವೇ ಬಳಿದುಕೊಳ್ಳಬೇಡಿ, ಅಂಗಡಿಯವನೇ ಹೇಳುತ್ತಿದ್ದೇನೆ. ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದರೆ, ಡೈ ಕಣ್ಣಿಗೆ ಹೋಗಿ ನೋಟ ಮಂಜಾದರೆ ತಡಮಾಡದೆ 108ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಓಡಿ.

ಗುಳ್ಳೆ ಒಣಗಿದ ಮೇಲೂ ಕಥೆ ಮುಗಿಯುವುದಿಲ್ಲ. ನಮ್ಮ ಬಣ್ಣದ ಚರ್ಮದಲ್ಲಿ ಇಂಥ ಉರಿಯೂತ ಕಪ್ಪು ಕಲೆ ಬಿಟ್ಟುಹೋಗುತ್ತದೆ. ಕೆಲವರಿಗೆ ಗುಳ್ಳೆಯೇ ಇಲ್ಲದೆ, ವರ್ಷಗಟ್ಟಲೆ ಡೈ ಹಾಕುತ್ತಾ ಕೆನ್ನೆ, ಹಣೆ ಮೆಲ್ಲಗೆ ಬೂದುಗಪ್ಪಾಗುತ್ತದೆ. ಇನ್ನು ಕೆಲವರಿಗೆ ಹಚ್ಚಿದ ಜಾಗದಲ್ಲಿ ತೊನ್ನಿನಂಥ ಬಿಳಿ ಮಚ್ಚೆ ಬೀಳುತ್ತದೆ. ಬಿಸಿಲಿಗೆ ಕಪ್ಪಾಯಿತು ಎಂದುಕೊಂಡು ಡೈ ಮುಂದುವರಿಸುವವರೇ ಹೆಚ್ಚು.

ಯಜಮಾನರ ಮೇಲ್ದುಟಿ ಸಿಪ್ಪೆ ಸುಲಿದು ಸರಿಹೋಗಲು ಎರಡು ವಾರ ಹಿಡಿಯಿತು, ಕಂದು ಕಲೆ ಮಾಸಲು ಆರು ತಿಂಗಳು. ವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆ ಮಾಡಿಸಿದರು. ಪಿಪಿಡಿ ಇದ್ದ ಚೌಕದಲ್ಲಿ ಮಾತ್ರ ಕೆಂಪು ಗುಳ್ಳೆ ಎದ್ದಿತು. ತಲೆಯ ಡೈಯೂ ಅಂದಿಗೆ ನಿಂತಿತು. ಈಗ ತಲೆಗೆ ತಿಂಗಳಿಗೊಮ್ಮೆ ಗೋರಂಟಿ, ನೀಲಿ. ಮೀಸೆಗೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರಲು ಆಗುವುದಿಲ್ಲವಂತೆ, ಮಂಡಿಯ ಫೋನು ಬಿಡುವುದಿಲ್ಲ. ಅದನ್ನು ಗಿಡ್ಡವಾಗಿ ಕತ್ತರಿಸಿ ಬಿಳಿಯಾಗಿಯೇ ಬಿಟ್ಟಿದ್ದಾರೆ. ಮಗನ ಮದುವೆಯ ಹಿಂದಿನ ವಾರ ಅಂಗಡಿಗೆ ಬಂದು, ಗಿರಾಕಿಗಳೆದುರೇ ಗಟ್ಟಿಯಾಗಿ, 'ಆ ಪೆನ್ಸಿಲ್ ಒಂದು ಕೊಡಿ' ಎಂದು ಕೇಳಿ ಒಯ್ದರು.